"ಬಾಡಿಗಿಯಿಂದನ ಇಎಂಐ ಹೋಗತೈತಿ" ಅನ್ನೋದು ಸುಳ್ಳು

1/5
ನಮ್ಮ ಕಾಕಾ ಮುಂಡರಗಿಯ ಎರಡು ಎಕರೆ ಎರಿ ಹೊಲ ಮಾರಿ, ಮ್ಯಾಲೆ ಸಾಲ ತಗೊಂಡು ಹುಬ್ಬಳ್ಳಿಯಾಗ ಫ್ಲ್ಯಾಟ್ ಕೊಳ್ಳಾಕ ಹೊಂಟಿದ್ರು. ಏಜೆಂಟ್ ಹೇಳಿದ್ದು ಒಂದ ಮಾತು: "ಬಾಡಿಗಿಯಿಂದನ ಇಎಂಐ ಹೋಗತೈತ್ರಿ." ನಾನು ಬಿಕಾಂ ಹುಡುಗ, ನೋಟ್‌ಬುಕ್ ತಗೊಂಡು ಕುಂತೆ. ನೀವೂ ಒಂದು ಪೆನ್ನು ತಗೋರಿ.

2/5
ಫ್ಲ್ಯಾಟ್ ಬೆಲೆ 50 ಲಕ್ಷ, ಬಾಡಿಗಿ ತಿಂಗಳಿಗೆ 15,000. ವರ್ಷಕ್ಕ 1,80,000. ಇದನ್ನ 50 ಲಕ್ಷದಿಂದ ಭಾಗಿಸಿದ್ರ 3.6 ಪರ್ಸೆಂಟ್. ಇದು ಗ್ರಾಸ್ ಯೀಲ್ಡ್. ಏಜೆಂಟ್ ತೋರಿಸೋದು ಇಷ್ಟ. ಇದರಾಗ ಒಂದು ರೂಪಾಯಿ ಖರ್ಚೂ ಇಲ್ಲ, ಒಂದು ದಿನ ಮನಿ ಖಾಲಿ ಬಿದ್ದದ್ದೂ ಇಲ್ಲ.

3/5
ಮೊದಲು ಬೆಲೆ ಸರಿ ಮಾಡೋಣ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆತು. ಮುದ್ರಾಂಕ ಶುಲ್ಕ, ಸೆಸ್ ಎಲ್ಲಾ ಕೂಡಿ ಸುಮಾರು 7.6 ಪರ್ಸೆಂಟ್, ಅಂದ್ರ 3.8 ಲಕ್ಷ. ಫ್ಯಾನು, ಕಪಾಟು, ಅಡಿಗಿಮನಿ ಕೆಲಸಕ್ಕ 1.2 ಲಕ್ಷ ಹಿಡಿರಿ. ನಿಮ್ಮ ಕೈಯಿಂದ ಹೋದ ರೊಕ್ಕ 55 ಲಕ್ಷ. ಭಾಗಿಸಬೇಕಾದ್ದು ಇದರಿಂದ.

4/5
ಈಗ ಖಾಲಿ ತಿಂಗಳು. ಬಾಡಿಗಿ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಬ್ಬರು ಬಿಟ್ಟು, ಸುಣ್ಣ ಬಣ್ಣ ಆಗಿ, ಇನ್ನೊಬ್ಬರು ಬರೋದ್ರಾಗ ದಿನಾ ಹೋಗತಾವ. ವರ್ಷಕ್ಕ ಒಂದು ತಿಂಗಳು ಖಾಲಿ ಅಂತ ಹಿಡಿದ್ರ 15,000 ಹೋತು. ಆ ತಿಂಗಳೂ ಮೆಂಟೇನೆನ್ಸ್ ಕಟ್ಟಬೇಕು. ಮಾಲೀಕರು ಕಟ್ಟೋ ಮೆಂಟೇನೆನ್ಸ್ ವರ್ಷಕ್ಕ 18,000, ಆಸ್ತಿ ತೆರಿಗೆ 5,000, ರಿಪೇರಿ 12,000, ಎರಡು ವರ್ಷಕ್ಕೊಮ್ಮೆ ಬ್ರೋಕರ್‌ಗೆ ಕೊಡೋ ಒಂದು ತಿಂಗಳ ಬಾಡಿಗಿಯಲ್ಲಿ ಅರ್ಧ 7,500. ಎಲ್ಲಾ ಕಳೆದ್ರ ಉಳಿಯೋದು 1,22,500. 55 ಲಕ್ಷಕ್ಕ ಅದು 2.2 ಪರ್ಸೆಂಟ್. ಇದು ನೆಟ್ ಯೀಲ್ಡ್, ಅದೂ ಆದಾಯ ತೆರಿಗೆಗಿಂತ ಮೊದಲು.

ಖಾಲಿ ತಿಂಗಳು ಎಷ್ಟು ಹಿಡಿಬೇಕು ಅಂತ ಏಜೆಂಟ್‌ನ ಕೇಳಬ್ಯಾಡ್ರಿ. ರಾತ್ರಿ ಎಂಟಕ್ಕ ಹೋಗಿ ಎಷ್ಟು ಮನಿಯಾಗ ದೀಪ ಇಲ್ಲ ಎಣಸ್ರಿ. ಕೆಲವರು ಊರಿಗೆ ಹೋಗಿರಬಹುದು, ಅದಕ್ಕ ಎರಡು ಮೂರು ದಿನ ನೋಡ್ರಿ. ಹಿಂದಿನ ಬಾಡಿಗೆದಾರರು ಬಿಟ್ಟು ಎಷ್ಟು ದಿನಕ್ಕ ಹೊಸಬರು ಬಂದ್ರು ಅಂತ ವಾಚ್‌ಮನ್‌ನ ಕೇಳ್ರಿ.

5/5
40 ಲಕ್ಷ ಸಾಲ, 8.5 ಪರ್ಸೆಂಟ್, 20 ವರ್ಷ ಅಂದ್ರ ಇಎಂಐ ಸುಮಾರು 34,700. ಫ್ಲ್ಯಾಟ್ ಕೊಡೋದು ತಿಂಗಳಿಗೆ ಸುಮಾರು 10,200. ಉಳಿದ 24,500 ಯಾರ ಜೇಬಿನಿಂದ? 8.5ಕ್ಕ ರೊಕ್ಕ ತಂದು 2.2 ದುಡಿಸೋದು ಹೂಡಿಕೆ ಅಲ್ಲ, ತಿಂಗಳಾ ತಿಂಗಳಾ ದಂಡ.

"ಮುಂದ ರೇಟ್ ಏರತೈತಿ" ಅಂತೀರಾ? ಏರಬಹುದು. ಆದ್ರ ಅದು ಬೆಲೆ ಮ್ಯಾಲಿನ ಜೂಜು. ಹಂಗಂತ ಬಾಯಿಬಿಟ್ಟು ಹೇಳ್ರಿ, ಬಾಡಿಗಿ ಹೆಸರಾಗ ಮಾರಬ್ಯಾಡ್ರಿ.

ಕಾಕಾ ನೋಟ್‌ಬುಕ್ ನೋಡಿ ಸುಮ್ನಾದ್ರು. ಈ ಹಿಂಗಾರಿಗೂ ಆ ಹೊಲದಾಗ ಕಡ್ಲಿ ಬಿತ್ತೇವಿ.

ನಿಮಗ ಏಜೆಂಟ್ ತೋರಿಸಿದ್ದು ಯಾವ ಯೀಲ್ಡ್? ಕಮೆಂಟ್‌ನಾಗ ಬೆಲೆ, ಬಾಡಿಗಿ ಹಾಕ್ರಿ, ಕೂಡಿ ಲೆಕ್ಕ ಮಾಡೋಣ.

#ಮುಂಡರಗಿ #ಬಾಡಿಗಿಲೆಕ್ಕ