ಅಕೌಂಟ್ ಒಂದು, ದೂರು ಎರಡು: ವಾಟ್ಸಾಪ್ ಹ್ಯಾಕ್ ಆದಾಗ ಸ್ಟೇಷನ್ನಿಗೆ ಹೋಗಬೇಕಾದವರು ಯಾರು?

ನಮ್ಮೂರು ಕೆಂಕೆರೆ. ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕುವ ನಮ್ಮ ಚಿಕ್ಕಪ್ಪನಿಗೆ ಒಂದು ದಿನ ಕೊರಿಯರ್‌ನವರ ಹೆಸರಲ್ಲಿ ಫೋನ್ ಬಂತು. "ಪಾರ್ಸೆಲ್ ಬಂದಿದೆ, ಈ ನಂಬರ್ ಒತ್ತಿ" ಅಂದರು. ಒತ್ತಿದರು. ಅರ್ಧ ಗಂಟೆಯೊಳಗೆ ಅವರ ವಾಟ್ಸಾಪ್ ಇನ್ಯಾರದೋ ಕೈಯಲ್ಲಿತ್ತು. "ಅರ್ಜೆಂಟ್ ಇದೆ, ಸಂಜೆ ವಾಪಸ್ ಹಾಕ್ತೀನಿ" ಅನ್ನೋ ಮೆಸೇಜ್ ನಂಬಿ ತುರುವೇಕೆರೆ ಕಡೆಯ ಅವರ ಗೆಳೆಯರೊಬ್ಬರು 18,000 ರೂಪಾಯಿ ಕಳಿಸಿಬಿಟ್ಟಿದ್ದರು.

ಹಳ್ಳಿಯವರಿಗೆ ಮಾತ್ರ ಹೀಗಾಗುತ್ತೆ ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರಿನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ಅವರಿಗೂ ಇದೇ ಆಯಿತು. ಸ್ಟಾರ್, ಹ್ಯಾಶ್ ಇದ್ದ ಕೋಡ್ ಒತ್ತಿದ ಮೇಲೆ ಅವರ ವಾಟ್ಸಾಪಿನಿಂದ ಪರಿಚಿತರಿಗೆ 55,000 ರೂಪಾಯಿ ಕೇಳುವ ಮೆಸೇಜ್ ಹೋದವು, ಕೆಲವರು ಹಣವನ್ನೂ ಹಾಕಿದರು. ಸದಾಶಿವನಗರ ಠಾಣೆಯಲ್ಲಿ ದೂರು ದಾಖಲಾಗಿ, ನವೆಂಬರಿನಲ್ಲಿ ಬಿಹಾರದ ಒಬ್ಬನ ಬಂಧನವೂ ಆಯಿತು.

ಇಂಥ ಕೋಡ್ ಮಾಡೋದು ಇಷ್ಟೇ: ನಿಮಗೆ ಬರುವ ಕರೆಗಳನ್ನು ಕಳ್ಳನ ನಂಬರಿಗೆ ತಿರುಗಿಸುತ್ತೆ. ವಾಟ್ಸಾಪಿನ ಆರು ಅಂಕಿಯ ಕೋಡನ್ನು ಅವನು ಮೆಸೇಜಿನ ಬದಲು ಕರೆಯಲ್ಲಿ ಕೇಳಿಸಿಕೊಳ್ತಾನೆ. ಹಾಗಾಗಿ ಮೊದಲು ##002# ಒತ್ತಿ ಕರೆ ತಿರುಗಿಸುವುದನ್ನು ರದ್ದು ಮಾಡಿ, ಆಮೇಲೆ ನಿಮ್ಮದೇ ನಂಬರಿನಲ್ಲಿ ವಾಟ್ಸಾಪ್ ಮತ್ತೆ ನೋಂದಾಯಿಸಿ. ಹೊಸ ಕೋಡ್ ಹಾಕಿದ ತಕ್ಷಣ ಅವನು ಹೊರಗೆ. ಅವನು ಪಿನ್ ಇಟ್ಟುಬಿಟ್ಟಿದ್ದರೆ ನಿಮಗೆ ಒಳಗೆ ಹೋಗಲು ಏಳು ದಿನ ಕಾಯಬೇಕಾಗಬಹುದು.

ಇನ್ನು ಕಾನೂನು. ನಮ್ಮಲ್ಲಿ ಎಡವಟ್ಟಾಗಿದ್ದೇ ಇಲ್ಲಿ. ಚಿಕ್ಕಪ್ಪ ಠಾಣೆಯೊಂದಕ್ಕೆ ಹೋದರೆ "ದುಡ್ಡು ಕಳ್ಕೊಂಡೋರು ಬರಲಿ" ಅಂದರು. ಗೆಳೆಯರನ್ನು ಕೇಳಿದರೆ, "ನಿನ್ನ ನಂಬರಿಂದ ಬಂತು ಅಂತ ಹಾಕ್ದೆ ಕಣಯ್ಯ, ಕಂಪ್ಲೇಂಟ್ ನೀನೇ ಕೊಡು" ಅಂದರು. ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ಒಂದೂವರೆ ದಿನ ಕಳೆಯಿತು.

ಅಸಲಿಗೆ ಇಲ್ಲಿ ನಡೆದಿರುವುದು ಎರಡು ಅಪರಾಧ. ಚಿಕ್ಕಪ್ಪನ ಗುರುತನ್ನು ಕದ್ದದ್ದು ಒಂದು. ಅದಕ್ಕೆ ಐಟಿ ಕಾಯ್ದೆಯ 66ಸಿ ಕಲಂ ಇದೆ. ಅವರ ಸೋಗು ಹಾಕಿ ಗೆಳೆಯರನ್ನು ವಂಚಿಸಿದ್ದು ಇನ್ನೊಂದು. ಅದಕ್ಕೆ 66ಡಿ, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 318(4). ಮೊದಲನೆಯದಕ್ಕೆ ಒಂದು ರೂಪಾಯಿಯೂ ಹೋಗಿರಬೇಕಿಲ್ಲ. ಅಂದರೆ ಅಕೌಂಟಿನ ಮಾಲೀಕರು ತಮ್ಮ ದೂರನ್ನು ತಾವೇ ಕೊಡಬಹುದು, ಕೊಡಲೇಬೇಕು. ವಂಚನೆಗೆ ಅಪ್ರಾಮಾಣಿಕ ಉದ್ದೇಶ ಬೇಕು. ಆ ಮೆಸೇಜ್ ಕಳಿಸಿದ್ದು ತಾನಲ್ಲ ಅನ್ನೋದಕ್ಕೆ ಮುಂದೆ ಚಿಕ್ಕಪ್ಪನ ಕೈಯಲ್ಲಿರುವ ಬಲವಾದ ಕಾಗದ ಆ ದೂರೇ.

ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ "ನಮ್ಮ ವ್ಯಾಪ್ತಿ ಅಲ್ಲ" ಅನ್ನೋ ಹಾಗಿಲ್ಲ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ಹಣದ ದಾರಿ ಬೇರೆ. 1930ಕ್ಕೆ ಫೋನ್ ಮಾಡಬೇಕಾದವರು ಹಣ ಕಳಿಸಿದವರು, ಯಾಕಂದ್ರೆ ವಹಿವಾಟಿನ ನಂಬರ್ ಇರೋದು ಅವರ ಹತ್ತಿರ. ಆ ನಂಬರ್ ಹಿಡಿದು, ಹಣ ಹೋದ ಖಾತೆಯಲ್ಲಿ ಉಳಿದಷ್ಟನ್ನು ಬ್ಯಾಂಕ್ ತಡೆಹಿಡಿಯುತ್ತೆ. ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುವುದರಿಂದ ಇಲ್ಲಿ ಲೆಕ್ಕ ಗಂಟೆಗಳದ್ದು. 1930ರಿಂದ ಸಿಗುವ ಸ್ವೀಕೃತಿ ನಂಬರ್ ಎಫ್‌ಐಆರ್ ಅಲ್ಲ ಅನ್ನೋದೂ ನೆನಪಿರಲಿ. ತಡೆಹಿಡಿದ ಹಣ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕಾಗಿ ಬಂದರೆ, ಅದನ್ನೂ ಹಣ ಕಳೆದುಕೊಂಡವರೇ ಹಾಕಬೇಕು.

ಸಾಕ್ಷಿಯೂ ಅವರ ಫೋನಿನಲ್ಲೇ ಇರುತ್ತೆ. ಕಳ್ಳ ಬರೆದ ಚಾಟ್ ಚಿಕ್ಕಪ್ಪನ ಫೋನಿನಲ್ಲಿ ಇರಲಿಲ್ಲ. ಗೆಳೆಯರು ಸಿಟ್ಟಿಗೆ ಅದನ್ನು ಅಳಿಸಿಬಿಟ್ಟಿದ್ದರೆ ಕೇಸೇ ಬಡವಾಗುತ್ತಿತ್ತು. ನಂಬರ್, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಮೂಲ ಚಾಟನ್ನೂ ಫೋನಿನಲ್ಲಿ ಹಾಗೇ ಉಳಿಸಬೇಕು.

ಈಗ ನನ್ನ ತಕರಾರು. ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳಲ್ಲಿ ತಿಳಿಸಿದರೆ, ಲೋಪ ಗ್ರಾಹಕರದ್ದೂ ಅಲ್ಲ ಬ್ಯಾಂಕಿನದ್ದೂ ಅಲ್ಲ ಅನ್ನುವಂಥ ಪ್ರಕರಣದಲ್ಲಿ ಗ್ರಾಹಕರಿಗೆ ಹೊಣೆಯಿಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಆದರೆ ಗೆಳೆಯರು ಯುಪಿಐ ಪಿನ್ ಒತ್ತಿದ್ದು ತಮ್ಮ ಕೈಯಾರೆ. ಮೋಸ ಹೋಗಿ ಒತ್ತಿದ್ದರೂ ಬ್ಯಾಂಕಿನ ಲೆಕ್ಕದಲ್ಲಿ ಅದು 'ಅಧಿಕೃತ'. ಆ ಸುತ್ತೋಲೆಯಲ್ಲಿ ಕಳ್ಳ ಬ್ಯಾಂಕಿನ ಬೀಗ ಒಡೆದರೆ ರಕ್ಷಣೆ ಇತ್ತು, ಸ್ನೇಹದ ನಂಬಿಕೆ ಒಡೆದರೆ ಇರಲಿಲ್ಲ. ಕದ್ದ ಹಣ ಇಳಿಯಲು ಬಾಡಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಈ ನಷ್ಟದಲ್ಲಿ ಪಾಲು ಇರಬೇಕಲ್ಲವಾ?

ನಮ್ಮ ಕೇಸಿನಲ್ಲಿ ತಡೆ ಬಿದ್ದದ್ದು 6,500 ರೂಪಾಯಿಗೆ ಮಾತ್ರ. ಉಳಿದದ್ದು ಆ ಒಂದೂವರೆ ದಿನದಲ್ಲಿ ಹೋಯಿತು.