ಹೋಟೆಲಿನ ಊಟಕ್ಕೆ ಕೈಯಳತೆ

ಮೊಳ, ಗೇಣು, ಬೊಗಸೆ, ಹಿಡಿ, ಚಿಟಿಕೆ - ಇವೆಲ್ಲ ನಮ್ಮ ಭಾಷೆಯಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಅಳತೆಗಳು. ತಕ್ಕಡಿಯಿಲ್ಲದ ಕಡೆ ಕೈಯೇ ತಕ್ಕಡಿ. ಈಗ ಪೋಷಣಶಾಸ್ತ್ರದವರೂ ಅದೇ ಕೈಯನ್ನು ಊಟದ ಅಳತೆಗೆ ತಂದಿದ್ದಾರೆ. ಹೊರಗೆ ಊಟಮಾಡುವಾಗ ಎಲೆಯಲ್ಲಿರುವ ಪಿಷ್ಟ, ಸಸಾರಜನಕ (ಪ್ರೋಟೀನು) ಮತ್ತು ಕೊಬ್ಬು ಎಷ್ಟೆಂದು ಮುಷ್ಟಿ, ಅಂಗೈ, ಹೆಬ್ಬೆರಳುಗಳಿಂದ ಅಂದಾಜು ಮಾಡುವ ಕ್ರಮವಿದು. ಕ್ರಮ ಒಳ್ಳೆಯದೇ. ಆದರೆ ಮಾಂಸ, ತರಕಾರಿ, ಬೆಣ್ಣೆ ಬೇರೆಬೇರೆಯಾಗಿ ಕಾಣುವ ಪಾಶ್ಚಾತ್ಯರ ತಟ್ಟೆಗೆ ಹೊಂದುವ ಲೆಕ್ಕವನ್ನು ನಮ್ಮ ಅನ್ನ-ಸಾಂಬಾರಿನ ಊಟಕ್ಕೆ ಹಾಗೆಯೇ ಹಚ್ಚಿದರೆ ತಪ್ಪಾಗುತ್ತದೆ. ನಮ್ಮ ಊಟದಲ್ಲಿ ಮುಷ್ಟಿಯನ್ನು ನಂಬಬಹುದು, ಅಂಗೈಯನ್ನು ಹುಡುಕಬೇಕು, ಹೆಬ್ಬೆರಳನ್ನು ಮಾತ್ರ ಸಂಶಯದಿಂದಲೇ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅಳತೆಗಳನ್ನು ತಿಳಿಯೋಣ. ಇಲ್ಲಿ ಮುಷ್ಟಿಯೆಂದರೆ ಒಂದು ಹಿಡಿ ಅಕ್ಕಿ ಎನ್ನುವಾಗಿನ ಹಿಡಿಯಲ್ಲ. ಮುಚ್ಚಿದ ಕೈ ಹೊರಗಿನಿಂದ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ಅಷ್ಟು ದೊಡ್ಡ ರಾಶಿ. ದೊಡ್ಡವರ ಒಂದು ಮುಷ್ಟಿ ಅನ್ನವೆಂದರೆ ಸುಮಾರು 150 ಗ್ರಾಂ. ಅದರಲ್ಲಿ ಸುಮಾರು 45 ಗ್ರಾಂ ಪಿಷ್ಟ, 4 ಗ್ರಾಂ ಸಸಾರಜನಕ ಇರುತ್ತವೆ. ಬೆಳ್ತಿಗೆಯಾಗಲಿ ಕುಚ್ಚಲಾಗಲಿ ಈ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅಂಗೈಯೆಂದರೆ ಬೆರಳುಗಳನ್ನು ಬಿಟ್ಟು ಉಳಿದ ಭಾಗ, ಅದರದೇ ದಪ್ಪ. ಅಷ್ಟು ಮೀನು ಅಥವಾ ಕೋಳಿಮಾಂಸದಲ್ಲಿ ಮುಳ್ಳು, ಎಲುಬು ಕಳೆದು 20ರಿಂದ 25 ಗ್ರಾಂ ಸಸಾರಜನಕ ಸಿಗುತ್ತದೆ. ಹೆಬ್ಬೆರಳು ಕೊಬ್ಬಿನ ಅಳತೆ. ಒಂದು ಹೆಬ್ಬೆರಳಿನಷ್ಟು ಎಣ್ಣೆ ಅಥವಾ ತುಪ್ಪವೆಂದರೆ ಸುಮಾರು 12 ಗ್ರಾಂ ಕೊಬ್ಬು.

ನಿಮ್ಮ ಮುಷ್ಟಿ ಎಷ್ಟು ದೊಡ್ಡದೆಂದು ಒಮ್ಮೆ ಮನೆಯಲ್ಲಿ ಪರೀಕ್ಷಿಸಿಕೊಳ್ಳಿರಿ. ಒಂದು ಪಾತ್ರೆಯನ್ನು ತಟ್ಟೆಯ ಮೇಲಿಟ್ಟು, ಅದರ ತುಂಬ ನೀರು ತುಂಬಿಸಿ, ಮುಷ್ಟಿಯನ್ನು ಮಣಿಕಟ್ಟಿನವರೆಗೆ ಮುಳುಗಿಸಬೇಕು. ತಟ್ಟೆಗೆ ಚೆಲ್ಲಿದ ನೀರನ್ನು ಅಳೆದರೆ ಅದೇ ಮುಷ್ಟಿಯ ಗಾತ್ರ. ಆರ್ಕಿಮಿಡೀಸನ ಪಾಠವನ್ನು ಓದಿದ ಮಕ್ಕಳು ಇದನ್ನು ಹೆತ್ತವರಿಗೆ ಮಾಡಿ ತೋರಿಸಬಹುದು. ಆಮೇಲೆ ಅಷ್ಟೇ ನೀರು ಹಿಡಿಯುವ ಬಟ್ಟಲಿನಲ್ಲಿ ಅನ್ನ ತುಂಬಿ ಎಲೆಗೆ ಬೋರಲು ಹಾಕಿದರೆ, ಒಂದು ಮುಷ್ಟಿ ಅನ್ನ ಹೇಗೆ ಕಾಣುತ್ತದೆಂದು ಕಣ್ಣಿಗೆ ರೂಢಿಯಾಗುತ್ತದೆ. ಹೋಟೆಲಿನಲ್ಲಿ ಕೈಯನ್ನು ಅನ್ನದ ಪಕ್ಕಕ್ಕಿಟ್ಟು ನೋಡಬೇಕಾದ ಪ್ರಮೇಯ ಬರುವುದಿಲ್ಲ.

ಈಗ ಒಂದು ಊಟವನ್ನು ಲೆಕ್ಕ ಹಾಕೋಣ. ಕಾಸರಗೋಡಿನ ಪೇಟೆಗೆ ಹೋದ ಒಬ್ಬರು ಮಧ್ಯಾಹ್ನ ಹೋಟೆಲಿನಲ್ಲಿ ಊಟಕ್ಕೆ ಕುಳಿತರೆನ್ನಿ. ಮೊದಲ ಸಲ ಎರಡು ಮುಷ್ಟಿ ಅನ್ನ, ಸಾಂಬಾರು ಬಡಿಸಿದ ಮೇಲೆ ಮತ್ತೊಂದು ಮುಷ್ಟಿ. ಜೊತೆಗೆ ಪಲ್ಯ, ಒಂದು ಹಪ್ಪಳ, ಸ್ವಲ್ಪ ಮೊಸರು, ಕೊನೆಗೆ ಒಂದು ಸಣ್ಣ ಲೋಟ ಪಾಯಸ. ಮೂರು ಮುಷ್ಟಿ ಅನ್ನದಿಂದಲೇ 135 ಗ್ರಾಂ ಪಿಷ್ಟವಾಯಿತು. ಪಾಯಸ, ಸಾಂಬಾರು ಮೊದಲಾದವುಗಳಿಂದ ಇನ್ನೊಂದು 35 ಗ್ರಾಂ ಸೇರಿದರೆ ಒಟ್ಟು 170 ಗ್ರಾಂ. ಇನ್ನು ಅಂಗೈ ಎಲ್ಲಿದೆ? ಎಲೆಯ ಮೇಲೆ ಎಲ್ಲಿಯೂ ಇಲ್ಲ. ಸಾಂಬಾರಿನಲ್ಲಿ ಬೇಳೆಯಿದೆ, ನಿಜ. ಆದರೆ ಹೋಟೆಲಿನ ನೀರಾದ ಸಾಂಬಾರು ಒಂದು ಬಟ್ಟಲು ಸುರಿದುಕೊಂಡರೂ ಅದರಿಂದ ಸಿಗುವುದು ನಾಲ್ಕು ಗ್ರಾಂನ ಆಸುಪಾಸು ಸಸಾರಜನಕ ಮಾತ್ರ. ಅನ್ನ, ಮೊಸರು, ಪಾಯಸ ಎಲ್ಲವನ್ನೂ ಕೂಡಿಸಿದರೂ 20-25 ಗ್ರಾಂ ದಾಟುವುದು ಕಷ್ಟ. ಅದರಲ್ಲಿಯೂ ಅರ್ಧದಷ್ಟು ಬಂದಿರುವುದು ಅನ್ನದಿಂದಲೇ. 60 ಕಿಲೋ ತೂಕದವರಿಗೆ ದಿನಕ್ಕೆ ಬೇಕಾದ ಸಸಾರಜನಕ ಸುಮಾರು 50 ಗ್ರಾಂ. ಹೊಟ್ಟೆ ಬಿರಿಯುವಂತೆ ಉಂಡು ಅದರ ಅರ್ಧವನ್ನೂ ಮುಟ್ಟದಿರುವ ಊಟ ಇದು.

ಇದೇ ಊಟದಲ್ಲಿ ಮೂರನೆಯ ಮುಷ್ಟಿ ಅನ್ನವನ್ನು ಬೇಡವೆಂದು, ಒಂದು ಅಂಗೈಯಷ್ಟು ಹುರಿದ ಬಂಗುಡೆಯನ್ನು ತರಿಸಿಕೊಂಡರೆ ಪಿಷ್ಟ 125 ಗ್ರಾಂಗೆ ಇಳಿಯುತ್ತದೆ, ಸಸಾರಜನಕ 40 ಗ್ರಾಂಗೆ ಏರುತ್ತದೆ. ಹುರಿದ ಎಣ್ಣೆಯ ಕಾರಣ ಒಟ್ಟು ಕ್ಯಾಲೊರಿ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಹಾಗಾಗಿ ಹಸಿವೆಯನ್ನು ಉಳಿಸಿಕೊಂಡು ಏಳಬೇಕೆಂದಿಲ್ಲ.

ಮೀನು ತಿನ್ನದವರ ಲೆಕ್ಕ ಸ್ವಲ್ಪ ಬೇರೆ. ಪುಟ್ಟಿನ ಜೊತೆ ಕೊಡುವ ಕಡಲೆಯನ್ನು ತೆಗೆದುಕೊಳ್ಳಿ. ರಸ ಬಿಟ್ಟು ಕಾಳು ಮಾತ್ರ ಒಂದು ಮುಷ್ಟಿಯಾದರೆ ಅದರಲ್ಲಿ ಸುಮಾರು 14 ಗ್ರಾಂ ಸಸಾರಜನಕವಿದೆ, ಅಂದರೆ ಅರ್ಧ ಅಂಗೈಗಿಂತ ಸ್ವಲ್ಪ ಹೆಚ್ಚು. ಆದರೆ ಅದರಲ್ಲಿ ಒಂದು ಮುಷ್ಟಿ ಅನ್ನದಷ್ಟೇ ಪಿಷ್ಟವೂ ಇದೆ. ಅದರಲ್ಲಿ ಒಂದು ಪಾಲು ನಾರು ಎಂಬುದು ಮಾತ್ರ ಲಾಭ. ಆದುದರಿಂದ ಕಾಳುಗಳನ್ನು ಏಕಕಾಲದಲ್ಲಿ ಅಂಗೈಯಲ್ಲಿಯೂ ಮುಷ್ಟಿಯಲ್ಲಿಯೂ ಎಣಿಸಬೇಕು. ಕಡಲೆ ಒಂದು ಮುಷ್ಟಿ ಹೆಚ್ಚಾದರೆ ಅನ್ನವೋ ಪುಟ್ಟೋ ಒಂದು ಮುಷ್ಟಿ ಕಡಿಮೆಯಾಗಬೇಕು. ಕಾಳನ್ನು ಬರಿಯ ಸಸಾರಜನಕವೆಂದು ಎಣಿಸಿ ಅನ್ನವನ್ನು ಹಾಗೆಯೇ ಬಿಡುವುದು ಈ ಕ್ರಮದಲ್ಲಿ ನಮ್ಮವರಿಗೆ ಆಗುವ ದೊಡ್ಡ ತಪ್ಪು.

ಹೆಬ್ಬೆರಳಿನ ಮಾತಿಗೆ ಬರೋಣ. ದೋಸೆಯ ಮೇಲಿಟ್ಟ ಬೆಣ್ಣೆಯನ್ನು ಹೆಬ್ಬೆರಳಿಂದ ಅಳೆಯಬಹುದು. ಪಲ್ಯಕ್ಕೆ ಹಾಕಿದ ತೆಂಗಿನ ತುರಿ, ಒಗ್ಗರಣೆಯ ಎಣ್ಣೆ, ಪರೋಟದ ಪದರುಗಳಿಗೆ ಸವರಿದ ಎಣ್ಣೆ - ಇವು ಕಣ್ಣಿಗೆ ಬೀಳುವುದಿಲ್ಲ. ಮೂರು ಸಣ್ಣ ಪರೀಕ್ಷೆಗಳು ಸಾಧ್ಯ. ಪದಾರ್ಥದ ಅಂಚಿನಲ್ಲಿ ಎಣ್ಣೆ ಬೇರೆಯಾಗಿ ನಿಂತಿದೆಯೇ? ಪರೋಟವನ್ನು ಕಾಗದದಿಂದ ಒತ್ತಿದರೆ ಕಾಗದ ಪಾರದರ್ಶಕವಾಗುತ್ತದೆಯೇ? ತಿಂದು ಮುಗಿದ ಮೇಲೆ ತಟ್ಟೆ ಮಿನುಗುತ್ತದೆಯೇ? ಹೌದಾದರೆ, ಕಂಡ ಕೊಬ್ಬಿಗೆ ಇನ್ನೊಂದು ಹೆಬ್ಬೆರಳನ್ನು ಕೂಡಿಸಿಕೊಳ್ಳುವುದೇ ಸರಿ. ಒಂದು ಪರೋಟಕ್ಕೆ ಒಂದು ಹೆಬ್ಬೆರಳು ಎಂದಿಟ್ಟುಕೊಂಡರೆ ಬಹಳ ತಪ್ಪಾಗದು.

ಎಣಿಸುವ ಹೊತ್ತು ಕೂಡ ಮುಖ್ಯ. ಅನ್ನವನ್ನು ಸಾಂಬಾರು ಸುರಿಯುವ ಮೊದಲೇ ನೋಡಬೇಕು. ಕಲಸಿದ ಮೇಲೆ ರಾಶಿ ಕುಸಿದು ಕಡಿಮೆಯೆಂದು ಕಾಣುತ್ತದೆ. ಎರಡನೆಯ ಸಲ ಬಡಿಸಿದ್ದನ್ನು ಬಹುಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಎಲೆಯೂಟದ ಅಂದಾಜು ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಎಷ್ಟು ಎಚ್ಚರವಹಿಸಿದರೂ ಇದು ಅಂದಾಜು. ಕಾಲುಭಾಗದಷ್ಟು ಹೆಚ್ಚುಕಡಿಮೆಯಾದೀತು. ಸಕ್ಕರೆ ಕಾಯಿಲೆಯುಳ್ಳ ಹಿರಿಯರು ಹೊರಗಿನ ಊಟದಲ್ಲಿ ಅನ್ನಕ್ಕೆ ಮಿತಿ ಹಾಕಲು ಮುಷ್ಟಿಯನ್ನು ಧಾರಾಳವಾಗಿ ಬಳಸಬಹುದು. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಇದೊಂದನ್ನೇ ನಂಬಿ ಔಷಧಿಯ ಪ್ರಮಾಣವನ್ನು ಬದಲಿಸಕೂಡದು. ಅದನ್ನು ವೈದ್ಯರೇ ಹೇಳಬೇಕು.

ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಒಂದು ಮಾತು. ಮಗುವಿನ ಊಟವನ್ನು ಮಗುವಿನ ಕೈಯಿಂದಲೇ ಅಳೆಯಬೇಕು, ನಿಮ್ಮ ಕೈಯಿಂದಲ್ಲ. ಕೈ ಬೆಳೆದಂತೆ ಪಾಲೂ ಬೆಳೆಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮುಷ್ಟಿಗಳನ್ನು ಎಣಿಸಿ ಅನ್ನ ಕಡಿಮೆ ಮಾಡಿಸುವುದು ಸಲ್ಲದು. ಅವರ ಎಲೆಯಲ್ಲಿ ನೋಡಬೇಕಾದ್ದು ಒಂದೇ: ಅವರದೇ ಅಂಗೈಯಷ್ಟು ಮೀನು ಅಥವಾ ಮೊಟ್ಟೆ, ಇಲ್ಲವೇ ಮುಷ್ಟಿಯಷ್ಟು ಗಟ್ಟಿ ಕಾಳು ಇದೆಯೇ ಎಂದು. ಇಲ್ಲದಿದ್ದರೆ ಪಾಯಸದ ಬದಲು ಅದನ್ನು ತರಿಸಿಕೊಡಿರಿ.