ಒಂದು ಲೀಟರ್ ಪೆಟ್ರೋಲಿನ ತೆರಿಗೆ ಲೆಕ್ಕ

ಪೆಟ್ರೋಲ್ ಬಂಕಿನ ಫಲಕದಲ್ಲಿ ಕಾಣುವುದು ಒಂದೇ ದರ. ಅದರೊಳಗೆ ತೈಲ ಕಂಪನಿಯ ಬೆಲೆ, ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ ಮತ್ತು ಬಂಕ್ ಮಾಲೀಕರ ಕಮಿಷನ್ ಒಂದರ ಮೇಲೊಂದು ಕೂತಿರುತ್ತವೆ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ 99.84 ರೂ. ಇದ್ದ ಲೀಟರ್ ಪೆಟ್ರೋಲ್ 102.84 ರೂ. ಆಯಿತು. ಪದರಗಳನ್ನು ಬಿಡಿಸಿ ನೋಡಲು ಈ ದರವೇ ಸಾಕು.

ತಳದಲ್ಲಿರುವುದು ಸುಂಕಕ್ಕೆ ಮುಂಚಿನ ಬೆಲೆ. ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ, ಕಂಪನಿಯ ಲಾಭ ಎಲ್ಲವೂ ಸೇರಿ ಆಗ ಇದು ಸುಮಾರು 56.40 ರೂ. ಇದಕ್ಕೆ ಕೇಂದ್ರದ 19.90 ರೂ. ಸೇರಿದಾಗ ಮೊತ್ತ 76.30 ರೂ. ರಾಜ್ಯದ ಶೇ 29.84 ತೆರಿಗೆ ಬೀಳುವುದು ಈ ಮೊತ್ತದ ಮೇಲೆ. ಅದು ಸುಮಾರು 22.77 ರೂ. ಕೊನೆಗೆ ಮೂರೂಮುಕ್ಕಾಲು ರೂಪಾಯಿಯಷ್ಟು ಕಮಿಷನ್ ಸೇರಿದರೆ ಬಂಕಿನ ದರ ಸಿಗುತ್ತದೆ. ಗ್ರಾಹಕ ಕೊಡುವ ಪ್ರತಿ ನೂರು ರೂಪಾಯಿಯಲ್ಲಿ ಹೆಚ್ಚುಕಡಿಮೆ 41 ರೂ. ಆಗ ತೆರಿಗೆಗೇ ಹೋಗುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಎರಡು ತೆರಿಗೆಗಳ ಸ್ವಭಾವ. ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾದದ್ದು. ಕಚ್ಚಾ ತೈಲ ಏರಿದರೂ ಇಳಿದರೂ ಅದು ಕದಲದು. ರಾಜ್ಯದ್ದು ಶೇಕಡಾವಾರು ತೆರಿಗೆ. ತಳದ ಬೆಲೆ 10 ರೂ. ಏರಿದರೆ ರಾಜ್ಯಕ್ಕೆ ಹೆಚ್ಚುವರಿಯಾಗಿ ಸುಮಾರು 3 ರೂ. ದಕ್ಕುತ್ತದೆ, ಬಂಕಿನ ದರ 13 ರೂ. ಮೇಲೇರುತ್ತದೆ. ಜೊತೆಗೆ ಇದು ತೆರಿಗೆಯ ಮೇಲಿನ ತೆರಿಗೆಯೂ ಹೌದು. ಕೇಂದ್ರದ 19.90 ರೂ. ಮೇಲೆ ರಾಜ್ಯ ಪಡೆಯುವ ಪಾಲೇ 5.94 ರೂ. ಹೀಗಾಗಿ ಕೇಂದ್ರ ತನ್ನ ಸುಂಕವನ್ನು 5 ರೂ. ಇಳಿಸಿದರೆ, ರಾಜ್ಯ ಯಾವ ಆದೇಶ ಹೊರಡಿಸದಿದ್ದರೂ ಅದರ ಆದಾಯ ಲೀಟರಿಗೆ ಒಂದೂವರೆ ರೂಪಾಯಿ ಕುಸಿಯುತ್ತದೆ.

ಕೇಂದ್ರದ ಆ 19.90 ರೂ. ಕೂಡ ಒಂದೇ ತೆರಿಗೆಯಾಗಿರಲಿಲ್ಲ. ಅದರಲ್ಲಿ ಮೂಲ ಅಬಕಾರಿ ಸುಂಕ ಬರೀ 1.40 ರೂ. ಉಳಿದಂತೆ ವಿಶೇಷ ಹೆಚ್ಚುವರಿ ಅಬಕಾರಿ ಸುಂಕ 11 ರೂ., ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂ., ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ 2.50 ರೂ. ಗ್ರಾಹಕನಿಗೆ ಈ ವಿಂಗಡಣೆಯಿಂದ ಯಾವ ವ್ಯತ್ಯಾಸವೂ ಇಲ್ಲ. ರಾಜ್ಯಗಳಿಗೆ ಮಾತ್ರ ಎಲ್ಲ ವ್ಯತ್ಯಾಸವೂ ಇಲ್ಲಿಯೇ ಇದೆ. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ಕೇಂದ್ರ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲ. ಹಂಚಿಕೆಗೆ ಬರುತ್ತಿದ್ದುದು 1.40 ರೂ. ಮಾತ್ರ. 15ನೇ ಹಣಕಾಸು ಆಯೋಗದ ಸೂತ್ರದಂತೆ ಅದರ ಶೇ 41, ಅಂದರೆ 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಆಗ ಕರ್ನಾಟಕದ ಪಾಲು ಶೇ 3.647, ಲೀಟರಿಗೆ ಬರೀ ಎರಡು ಪೈಸೆ.

ರಾಜ್ಯಗಳು ತಮ್ಮ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದಕ್ಕೆ ಇದೊಂದು ದೊಡ್ಡ ಕಾರಣ. 2017ರಲ್ಲಿ ಜಿಎಸ್‌ಟಿ ಬಂದಾಗ ಸಂವಿಧಾನವು ಪೆಟ್ರೋಲನ್ನು ಅದರ ವ್ಯಾಪ್ತಿಯಲ್ಲೇ ಇಟ್ಟಿತಾದರೂ, ಯಾವಾಗಿನಿಂದ ಜಿಎಸ್‌ಟಿ ವಿಧಿಸಬೇಕೆಂಬ ದಿನಾಂಕವನ್ನು ಶಿಫಾರಸು ಮಾಡುವ ಕೆಲಸವನ್ನು ಜಿಎಸ್‌ಟಿ ಮಂಡಳಿಗೆ ಬಿಟ್ಟಿತು. ಕರ್ನಾಟಕದಲ್ಲಿ ಪೆಟ್ರೋಲಿನ ತೆರಿಗೆ 1957ರ ಮಾರಾಟ ತೆರಿಗೆ ಕಾಯ್ದೆಯಡಿಯಲ್ಲೇ ಮುಂದುವರಿಯಿತು.

ಪದರಗಳು ಬದಲಾದರೂ ಫಲಕದ ದರ ಬದಲಾಗದಿರುವುದೂ ಉಂಟು. 2020ರ ಮೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನೆಲ ಕಚ್ಚಿದ್ದಾಗ ಕೇಂದ್ರ ಪೆಟ್ರೋಲಿನ ಸುಂಕವನ್ನು 10 ರೂ. ಹೆಚ್ಚಿಸಿ 32.98 ರೂ.ಗೆ ಒಯ್ದಿತು. ಆ ಏರಿಕೆ ಗ್ರಾಹಕನ ಬಿಲ್ಲಿನಲ್ಲಿ ಕಾಣಲಿಲ್ಲ. ಕಾಣದೇ ಹೋದದ್ದು ಅವನಿಗೆ ಸಿಗಬೇಕಿದ್ದ ಇಳಿಕೆ. 2021ರ ನವೆಂಬರ್‌ನಲ್ಲಿ 5 ರೂ., 2022ರ ಮೇ ತಿಂಗಳಲ್ಲಿ 8 ರೂ. ಇಳಿದದ್ದು ರಸ್ತೆ ಸೆಸ್‌ನಿಂದ. 2025ರ ಏಪ್ರಿಲ್‌ನಲ್ಲಿ ವಿಶೇಷ ಹೆಚ್ಚುವರಿ ಸುಂಕ ಮತ್ತೆ 2 ರೂ. ಏರಿ ಕೇಂದ್ರದ ಒಟ್ಟು ಸುಂಕ 21.90 ರೂ. ಆಯಿತು. ಆ ಹೊರೆಯನ್ನು ತೈಲ ಕಂಪನಿಗಳು ಹೊತ್ತಿದ್ದರಿಂದ ಬಂಕಿನ ದರ ಇದ್ದಲ್ಲೇ ಇತ್ತು. ಆಗಲೂ ಹೆಚ್ಚಿದ್ದು ಹಂಚಿಕೆಗೆ ಬಾರದ ಪದರವೇ.

ಪೆಟ್ರೋಲ್ ದರ ಏರಿದಾಗ ಕೇಂದ್ರ ರಾಜ್ಯದತ್ತ, ರಾಜ್ಯ ಕೇಂದ್ರದತ್ತ ಬೊಟ್ಟು ಮಾಡುವುದು ವಾಡಿಕೆ. ಯಾರ ಮಾತು ಎಷ್ಟು ನಿಜ ಎಂದು ತಿಳಿಯಲು ಬಂಕಿನ ದರವನ್ನಷ್ಟೇ ನೋಡಿದರೆ ಸಾಲದು. ತಳದ ಬೆಲೆ ಎಷ್ಟಿದೆ, ಬದಲಾದ ಪದರ ಯಾವುದು, ಆ ಹಣ ಹಂಚಿಕೆಗೆ ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಸುಂಕ ಇಳಿಸಿದ ಸುದ್ದಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.